ತಾನು ಬರೆದ ಅಕ್ಷರ ಪ್ರೋಗ್ರಾಂಗೆ ಏಕೆ ಕಾಣುವುದಿಲ್ಲ? ಮಕ್ಕಳಿಗೆ ತಿಳಿಸಿಕೊಡುವ ಬಗೆ

ಏಳನೆಯ ತರಗತಿಯಲ್ಲಿ ಓದುವ ಅಕ್ಕನ ಮಗಳು ಪೈಥಾನ್ ಕಲಿಯತೊಡಗಿದ ಹೊಸತರಲ್ಲಿ, ಗೆಳತಿಯರ ಅಂಕಗಳ ಪಟ್ಟಿಯನ್ನು ತೋರಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಬರೆದಳು. ಹೆಸರುಗಳು ಎಡಕ್ಕೆ, ಅಂಕಗಳು ಬಲಕ್ಕೆ, ಒಂದರ ಕೆಳಗೊಂದು ನೇರವಾಗಿ ನಿಲ್ಲಬೇಕೆಂಬುದು ಅವಳ ಆಸೆ. ಪ್ರೋಗ್ರಾಂ ಯಾವ ದೋಷವನ್ನೂ ತೋರಿಸದೆ ಓಡಿತು, ಆದರೆ ಅಂಕಗಳ ಸಾಲು ಮಾತ್ರ ಸೊಟ್ಟಗಾಗಿತ್ತು. ‘ಚಿಕ್ಕಮ್ಮ, ಸೊಟ್ಟಗಿರೋದು ನನಗೆ ಕಾಣ್ತಿದೆ. ಬರೆದ ಪ್ರೋಗ್ರಾಂಗೇ ಯಾಕೆ ಕಾಣಲ್ಲ?’ ಎಂದು ಅವಳು ಕೇಳಿದ ಪ್ರಶ್ನೆಗೆ ಉತ್ತರವನ್ನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದೇ ಸರಿಯೆಂದು ನನಗೆ ತೋರಿತು. ಅಂದು ನಾವಿಬ್ಬರೂ ಹಿಡಿದ ದಾರಿಯನ್ನು ಇಲ್ಲಿ ಕೊಡುತ್ತಿದ್ದೇನೆ. ಒಂದು ಹಾಳೆ, ಒಂದು ದಪ್ಪ ಪೆನ್ನು ಮತ್ತು ಪೈಥಾನ್ ಇರುವ ಒಂದು ಕಂಪ್ಯೂಟರ್ ಇದ್ದರೆ ಸಾಕು.

ಮೊದಲು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ

ಇಬ್ಬರು ಮಕ್ಕಳನ್ನು ಬೆನ್ನಿಗೆ ಬೆನ್ನು ತಾಗುವಂತೆ ಕೂರಿಸಿ. ಒಬ್ಬರು ಹೇಳುವವರು, ಇನ್ನೊಬ್ಬರು ಬರೆಯುವವರು. ಹೇಳುವವರ ಕೈಯಲ್ಲಿ ಬರೀ ಸಂಖ್ಯೆಗಳಿರುವ ಚೀಟಿ ಇರಲಿ. ಬರೆಯುವವರ ಮುಂದೆ ಹಾಳೆ, ಪೆನ್ನು ಮತ್ತು ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಪಟ್ಟಿ ಇರಲಿ. ಹೇಳುವವರು ತಿರುಗಿ ನೋಡುವಂತಿಲ್ಲ, ಬರೆಯುವವರು ಮಾತನಾಡುವಂತಿಲ್ಲ.

ಈ ಸಂಖ್ಯೆಗಳನ್ನು ನಾವೇ ಕಟ್ಟಿಕೊಳ್ಳಬೇಕಾಗಿಲ್ಲ. ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ ‘ಕ’ ಎಂದರೆ 3221, ‘ಮ’ ಎಂದರೆ 3246, ‘ಲ’ ಎಂದರೆ 3250. ಹೇಳುವವರು ಈ ಮೂರನ್ನು ಹೇಳಿದರೆ ಬರೆಯುವವರು ‘ಕಮಲ’ ಎಂದು ಬರೆಯುತ್ತಾರೆ. ಇಲ್ಲಿಯವರೆಗೆ ಮಕ್ಕಳಿಗೆ ಯಾವ ತೊಡಕೂ ಇರುವುದಿಲ್ಲ.

ಎರಡನೆಯ ಹೆಸರು ‘ಅಕ್ಷತಾ’. ಇದಕ್ಕೆ ಚೀಟಿಯಲ್ಲಿ 3205, 3221, 3277, 3255, 3236, 3262 ಎಂಬ ಆರು ಸಂಖ್ಯೆಗಳಿರುತ್ತವೆ. ಇವುಗಳಲ್ಲಿ 3277 ಎಂಬುದು ಹಿಂದಿನ ವ್ಯಂಜನದಲ್ಲಿರುವ ಅಕಾರವನ್ನು ತೆಗೆದುಹಾಕುವ ‘್’ ಚಿಹ್ನೆ. ಅದರ ಮುಂದೆ ಇನ್ನೊಂದು ವ್ಯಂಜನ ಬಂದರೆ ಆ ವ್ಯಂಜನವನ್ನು ಒತ್ತಾಗಿ ಬರೆಯಬೇಕೆಂಬುದು ಬರೆಯುವವರಿಗೆ ಗೊತ್ತಿರುತ್ತದೆ. ಹಾಗೆಯೇ 3262 ಎಂಬುದು ದೀರ್ಘದ ಗುರುತು, ಅದು ‘ತ’ಕಾರಕ್ಕೆ ಅಂಟಿಕೊಂಡು ‘ತಾ’ ಆಗುತ್ತದೆ. ಹೀಗೆ ಆರು ಸಂಖ್ಯೆಗಳು ಹಾಳೆಯ ಮೇಲೆ ಅ, ಕ್ಷ, ತಾ ಎಂಬ ಮೂರೇ ಅಕ್ಷರಗಳಾಗಿ ನಿಲ್ಲುತ್ತವೆ.

ಈಗ ಹೇಳಿದ ಮಗುವನ್ನು, ತಿರುಗಿ ನೋಡದೆಯೇ ಒಂದು ಪ್ರಶ್ನೆಗೆ ಉತ್ತರಿಸುವಂತೆ ಕೇಳಿ: ಎರಡು ಹೆಸರುಗಳಲ್ಲಿ ಯಾವುದು ಉದ್ದ, ಎಷ್ಟು ಉದ್ದ? ಆ ಮಗುವಿನ ಬಳಿ ಇರುವುದು ಚೀಟಿ ಮಾತ್ರ. ಒಂದಕ್ಕೆ ಮೂರು ಸಂಖ್ಯೆ, ಇನ್ನೊಂದಕ್ಕೆ ಆರು ಸಂಖ್ಯೆ ಇರುವುದನ್ನು ಕಂಡು ಎರಡನೆಯದು ಮೊದಲನೆಯದರ ಎರಡರಷ್ಟು ಉದ್ದವೆಂದು ಅದು ಹೇಳುವುದು ಸಹಜ. ಹಾಳೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಉದ್ದ ಇರುತ್ತವೆ. ಮಗು ತಪ್ಪು ಲೆಕ್ಕ ಮಾಡಿಲ್ಲ. ಅದರ ಕೈಗೆ ಸಿಕ್ಕಿದ ಲೆಕ್ಕವೇ ಬೇರೆ, ಹಾಳೆಯ ಲೆಕ್ಕವೇ ಬೇರೆ. ಇಲ್ಲಿ ಅವಸರ ಮಾಡಬೇಡಿ. ಮಗು ತಾನಾಗಿ ತಿರುಗಿ ಹಾಳೆಯನ್ನು ನೋಡಿ ಬೆರಗಾಗುವವರೆಗೆ ಬಿಡಿ, ಮುಂದಿನದೆಲ್ಲ ಆ ಬೆರಗಿನ ಮೇಲೆಯೇ ನಿಂತಿದೆ.

ಅದನ್ನೇ ಕಂಪ್ಯೂಟರಿನಲ್ಲಿ ಮಾಡಿ

ಸೊಟ್ಟಗಾದ ಪಟ್ಟಿಯ ಪ್ರೋಗ್ರಾಂ ಹೀಗಿತ್ತು. ಇದನ್ನು `anka.py` ಎಂಬ ಹೆಸರಿನಲ್ಲಿ ಉಳಿಸಿ.

```
print("ಕಮಲ".ljust(8) + "41")
print("ಅಕ್ಷತಾ".ljust(8) + "38")
```

ಇದರಲ್ಲಿ `ljust(8)` ಎಂದರೆ, ಹೆಸರಿನ ಬಲಕ್ಕೆ ಖಾಲಿ ಜಾಗಗಳನ್ನು ಸೇರಿಸಿ ಒಟ್ಟು ಎಂಟು ಮಾಡು ಎಂದರ್ಥ. ಪ್ರಶ್ನೆಯೆಂದರೆ, ಎಂಟು ಏನು? ಪ್ರೋಗ್ರಾಂ ಎಣಿಸುವುದು ಚೀಟಿಯಲ್ಲಿರುವ ಸಂಖ್ಯೆಗಳನ್ನು. ಕಮಲಳ ಹೆಸರಿನಲ್ಲಿ ಮೂರಿವೆ, ಆದ್ದರಿಂದ ಐದು ಖಾಲಿ ಜಾಗಗಳನ್ನು ಸೇರಿಸುತ್ತದೆ. ಅಕ್ಷತಾಳ ಹೆಸರಿನಲ್ಲಿ ಆರಿವೆ, ಆದ್ದರಿಂದ ಎರಡನ್ನೇ ಸೇರಿಸುತ್ತದೆ. ಕಣ್ಣಿಗೆ ಒಂದೇ ಅಳತೆಯಾಗಿ ಕಾಣುವ ಎರಡು ಹೆಸರುಗಳ ಮುಂದೆ ಒಂದೆಡೆ ಐದು, ಇನ್ನೊಂದೆಡೆ ಎರಡು ಖಾಲಿ ಜಾಗಗಳು ಬಿದ್ದ ಮೇಲೆ 38 ಎಂಬುದು 41ಕ್ಕಿಂತ ಎಡಕ್ಕೆ ಸರಿಯದೆ ಇನ್ನೇನಾದೀತು?

ಎಷ್ಟು ಸರಿಯುತ್ತದೆ ಎಂಬುದು ಮಾತ್ರ ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ರೀತಿ ಇರುತ್ತದೆ. ಆಜ್ಞೆ ಬರೆದು ಪ್ರೋಗ್ರಾಂ ಓಡಿಸುವ ಕಿಟಕಿಗೆ ಟರ್ಮಿನಲ್ ಎನ್ನುತ್ತಾರೆ. ಕೆಲವು ಟರ್ಮಿನಲ್‌ಗಳು ಒತ್ತಕ್ಷರವನ್ನು ಕೂಡಿಸಲಾರದೆ ‘ಕ್’ ಮತ್ತು ‘ಷ’ಗಳನ್ನು ಬಿಡಿಬಿಡಿಯಾಗಿ ತೋರಿಸುತ್ತವೆ. ಕನ್ನಡದ ಫಾಂಟ್ ಇಲ್ಲದ ಯಂತ್ರದಲ್ಲಿ ಅಕ್ಷರಗಳ ಬದಲು ಖಾಲಿ ಚೌಕಗಳು ಬರುತ್ತವೆ. ನಿಮ್ಮ ಪರದೆಯ ಮೇಲೆ ಯಾವುದು ಬಂದರೂ ಅದನ್ನೇ ಮಗುವಿಗೆ ತೋರಿಸಿ. ಪ್ರೋಗ್ರಾಂ ಅದೇ, ಅದು ಹೇಳಿದ ಸಂಖ್ಯೆಗಳೂ ಅವೇ. ಬರೆಯುವವರು ಬದಲಾದಾಗ ಬರಹ ಬದಲಾಯಿತು.

ಹಾಗಾದರೆ ಕಂಪ್ಯೂಟರಿನಲ್ಲಿ ಬರೆಯುವವರು ಯಾರು ಎಂದು ಮಗು ಕೇಳಿದರೆ, ಅದು ಬೇರೊಂದು ಪ್ರೋಗ್ರಾಂ ಎಂದು ನೇರವಾಗಿ ಹೇಳಬಹುದು. ಸಂಖ್ಯೆಗಳ ಸಾಲನ್ನು ಪಡೆದು, ಯಾವುದನ್ನು ಒತ್ತಾಗಿಸಬೇಕು, ಯಾವುದನ್ನು ಅಂಟಿಸಬೇಕು ಎಂದು ತೀರ್ಮಾನಿಸುವ ಭಾಗವೊಂದಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಮತ್ತು ಫೈರ್‌ಫಾಕ್ಸ್, ಕ್ರೋಮ್ ಬ್ರೌಸರುಗಳಲ್ಲಿ ಈ ಕೆಲಸವನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶ ಮಾಡುತ್ತದೆ. ಅಕ್ಷರದ ಆಕಾರ ಫಾಂಟಿನಿಂದ ಬರುತ್ತದೆ. ಆ ಆಕಾರವನ್ನು ಪರದೆಯ ಚುಕ್ಕಿಗಳಾಗಿ ಮಾಡುವುದು ಕೊನೆಯ ಕೆಲಸ. ಇದೆಲ್ಲವೂ ನಡೆಯುವುದು ನಮ್ಮ ಪುಟ್ಟ ಪ್ರೋಗ್ರಾಂ ತನ್ನ ಸಂಖ್ಯೆಗಳನ್ನು ಕೈಬಿಟ್ಟ ಮೇಲೆ.

ಮರಳಿ ಬರುವ ಉತ್ತರವನ್ನು ನೋಡಿ

ಇಡೀ ವಿವರಣೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಹೆಜ್ಜೆ ಇದು. ಬರೆಯುವವರು ಪ್ರೋಗ್ರಾಂಗೆ ಏನನ್ನಾದರೂ ತಿರುಗಿ ಹೇಳುತ್ತಾರೆಯೇ? ಕೇಳಿಯೇ ನೋಡಬಹುದು.

```
import sys
n = sys.stdout.write("ಕ್ಷ\n")
print(n)
```

ಮೊದಲ ಸಾಲಿನಲ್ಲಿ ‘ಕ್ಷ’ ಕಾಣುತ್ತದೆ, ಎರಡನೆಯ ಸಾಲಿನಲ್ಲಿ 4 ಎಂದು ಬರುತ್ತದೆ. ‘ಕ’, ‘್’, ‘ಷ’ ಸೇರಿ ಮೂರು, ಸಾಲು ಮುಗಿಯಿತೆಂದು ತಿಳಿಸುವ `\n` ಒಂದು, ಒಟ್ಟು ನಾಲ್ಕು ಸಂಕೇತಗಳನ್ನು ಕಳುಹಿಸಲು ತೆಗೆದುಕೊಂಡೆ ಎಂಬುದಷ್ಟೇ ಪ್ರೋಗ್ರಾಂಗೆ ಸಿಗುವ ಉತ್ತರ. ಅಕ್ಷರ ಕಪ್ಪೋ ಬಿಳುಪೋ, ಎಷ್ಟು ಅಗಲ, ಒತ್ತು ಕೂಡಿತೋ ಬಿಡಿಯಾಯಿತೋ, ಚೌಕವಾಗಿ ಬಂದಿತೋ ಎಂಬ ಒಂದು ಮಾತೂ ಆ ಉತ್ತರದಲ್ಲಿಲ್ಲ. ಈಗ ಫಾಂಟಿನ ಗಾತ್ರವನ್ನು ದೊಡ್ಡದು ಮಾಡಿ ಮತ್ತೆ ಓಡಿಸಲು ಮಗುವಿಗೆ ಹೇಳಿ. ಪರದೆಯ ತುಂಬ ‘ಕ್ಷ’ ಹರಡಿದರೂ ಉತ್ತರ 4 ಆಗಿಯೇ ಉಳಿಯುತ್ತದೆ.

ಇನ್ನೂ ಅನುಮಾನ ಉಳಿದಿದ್ದರೆ ಪರದೆಯನ್ನೇ ದಾರಿಯಿಂದ ತೆಗೆದುಬಿಡಿ:

```
python3 anka.py > patti.txt
```

ಟರ್ಮಿನಲ್ಲಿನಲ್ಲಿ ಈ ಆಜ್ಞೆ ಕೊಟ್ಟಾಗ ಪರದೆಯ ಮೇಲೆ ಏನೂ ಬರುವುದಿಲ್ಲ. ಬರಬೇಕಾದ ಅಕ್ಷರಗಳೆಲ್ಲ `patti.txt` ಎಂಬ ಕಡತದೊಳಗೆ ಹೋಗಿ ಕೂರುತ್ತವೆ. (ವಿಂಡೋಸ್‌ನಲ್ಲಿ `python3` ಬದಲು `py` ಎಂದು ಬರೆಯಬೇಕಾಗಬಹುದು. ಕನ್ನಡ ಅಕ್ಷರಗಳ ಬಗ್ಗೆ ತಕರಾರು ಬಂದರೆ `py -X utf8` ಎಂದು ಬರೆಯಿರಿ.) ನೋಡುವ ಕಣ್ಣೊಂದೂ ಇಲ್ಲದಿದ್ದರೂ ಪ್ರೋಗ್ರಾಂ ತನ್ನ ಕೆಲಸವನ್ನು ಮೊದಲಿನಂತೆಯೇ ಮುಗಿಸಿತು. ನನ್ನ ಅಕ್ಕನ ಮಗಳಿಗೆ ವಿಷಯ ಪೂರ್ತಿ ಮನದಟ್ಟಾದದ್ದು ಈ ಘಟ್ಟದಲ್ಲಿ. ‘ಹಾಗಾದ್ರೆ ಪರದೆ ಇದೆ ಅಂತಾನೂ ಅದಕ್ಕೆ ಗೊತ್ತಿಲ್ಲ!’ ಎಂದಳು.

ಅವಳ ಮಾತನ್ನು ಸ್ವಲ್ಪ ತಿದ್ದಬೇಕಾಯಿತು, ಏಕೆಂದರೆ ಮಕ್ಕಳಿಗೆ ಅರ್ಧ ಸತ್ಯ ಹೇಳಿ ಸುಮ್ಮನಾಗುವುದು ನನಗೆ ಒಪ್ಪಿಗೆಯಲ್ಲ. ಕೇಳಿದರೆ ತಿಳಿಯುವ ಕೆಲವು ಸಂಗತಿಗಳಿವೆ. ಟರ್ಮಿನಲ್ಲಿನಲ್ಲಿ ಎಷ್ಟು ಅಡ್ಡಮನೆ, ಎಷ್ಟು ಸಾಲು ಇವೆಯೆಂದು ಪ್ರೋಗ್ರಾಂ ಕೇಳಬಹುದು. ಬ್ರೌಸರಿನೊಳಗೆ ಓಡುವ ಪ್ರೋಗ್ರಾಂ, ತಾನು ಇಟ್ಟ ಪದ ಎಷ್ಟು ಅಗಲವಾಗಿ ಬಂದಿದೆಯೆಂದು ಬ್ರೌಸರನ್ನೇ ಕೇಳಿ ತಿಳಿಯಬಹುದು. ಆಟದ ಪ್ರೋಗ್ರಾಂಗಳು ಚುಕ್ಕಿಚುಕ್ಕಿಯನ್ನೂ ತಾವೇ ಬಿಡಿಸುತ್ತವೆ. ಆದರೆ ಇವೆಲ್ಲವೂ ಕೇಳಿ ಪಡೆದ ಅಥವಾ ಲೆಕ್ಕ ಹಾಕಿದ ಅಳತೆಗಳು. ಬೆನ್ನು ತಿರುಗಿಸಿ ಕೂತ ಮಗು ‘ನಿನ್ನ ಹಾಳೆ ಎಷ್ಟು ಅಗಲ?’ ಎಂದು ಕೇಳಿ ತಿಳಿದಂತೆ ಅದು. ಪರದೆಯ ಗಾಜು ಒಡೆದಿದೆಯೇ, ಬೆಳಕು ತೀರ ಕಡಿಮೆಯಾಗಿ ಓದುವವರು ಕಣ್ಣು ಕಿರಿದು ಮಾಡಿದ್ದಾರೆಯೇ ಎಂಬುದು ಆ ಅಳತೆಗಳಲ್ಲಿಯೂ ಇಲ್ಲ.

ಪಟ್ಟಿಯನ್ನು ನೇರ ಮಾಡುವ ಕೆಲಸ ಯಾರದು?

ಸೊಟ್ಟಗಾದ ಪಟ್ಟಿಯನ್ನು ಸರಿಮಾಡಲು ಮಕ್ಕಳು ಮೊದಲು ಮಾಡುವ ಪ್ರಯತ್ನವೆಂದರೆ, ಕಣ್ಣಳತೆಯಲ್ಲಿ ಅಕ್ಷತಾಳ ಹೆಸರಿನ ಮುಂದೆ ಇನ್ನೂ ಮೂರು ಖಾಲಿ ಜಾಗ ಸೇರಿಸುವುದು. ಅವರ ಪರದೆಯಲ್ಲಿ ಅದು ಸರಿಯೆನಿಸಿದರೂ ಬೇರೊಂದು ಫಾಂಟಿನಲ್ಲಿ ಮತ್ತೆ ಓರೆಯಾಗುತ್ತದೆ. ಅಳೆಯಬಲ್ಲವರಿಗೆ ಅಳೆಯುವ ಕೆಲಸ ಬಿಡುವುದು ಸರಿಯಾದ ದಾರಿ. ಖಾಲಿ ಜಾಗಗಳ ಬದಲು, ‘ಇದು ಪಟ್ಟಿ, ಇದು ಅದರ ಒಂದು ಸಾಲು, ಇವು ಅದರ ಎರಡು ಮನೆಗಳು’ ಎಂದಷ್ಟೇ ಬ್ರೌಸರಿಗೆ ಹೇಳಬೇಕು. ಕೆಳಗಿನದನ್ನು `patti.html` ಎಂದು ಉಳಿಸಿ ಬ್ರೌಸರಿನಲ್ಲಿ ತೆರೆಯಿರಿ.

```
<meta charset="utf-8">
<table>
<tr><td>ಕಮಲ</td><td>41</td></tr>
<tr><td>ಅಕ್ಷತಾ</td><td>38</td></tr>
</table>
```

ಮೊದಲ ಸಾಲು, ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಓದಬೇಕೆಂದು ತಿಳಿಸುವುದಕ್ಕೆ. ಉಳಿದದ್ದರಲ್ಲಿ ಅಳತೆಯ ಮಾತೇ ಇಲ್ಲ. ಬ್ರೌಸರ್ ಎರಡೂ ಹೆಸರುಗಳನ್ನು ತನ್ನ ಫಾಂಟಿನಲ್ಲಿ ಜೋಡಿಸಿ, ಎರಡರಲ್ಲಿ ಅಗಲವಾದುದು ಯಾವುದೆಂದು ಅಳೆದು, ಅದಕ್ಕೆ ತಕ್ಕಂತೆ ಎರಡನೆಯ ಮನೆಯನ್ನು ಆರಂಭಿಸುತ್ತದೆ. ಫಾಂಟ್ ಬದಲಿಸಿದರೂ ಅಕ್ಷರ ಹಿಗ್ಗಿಸಿದರೂ 41 ಮತ್ತು 38 ಒಂದರ ಕೆಳಗೊಂದು ನೇರವಾಗಿಯೇ ನಿಲ್ಲುತ್ತವೆ.

ನನ್ನ ಅಕ್ಕನ ಮಗಳು ತನ್ನ ಪ್ರೋಗ್ರಾಂ ಈ ಕಡತವನ್ನೇ ಬರೆದಿಡುವಂತೆ ಬದಲಿಸಿ, ಅದನ್ನು ಅಜ್ಜಿಯ ಫೋನಿಗೆ ಕಳುಹಿಸಿದಳು. ಕಣ್ಣು ಮಂಜಾದ ಅಜ್ಜಿ ಅಕ್ಷರಗಳನ್ನು ಬಲು ದೊಡ್ಡದಾಗಿ ಇಟ್ಟುಕೊಂಡಿದ್ದಾರೆ. ಅವರು ಅದನ್ನು ತೆರೆದದ್ದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಪ್ರೋಗ್ರಾಂ ಓಟ ಮುಗಿಸಿ ಒಂದು ರಾತ್ರಿಯೇ ಕಳೆದಿತ್ತು, ಕಂಪ್ಯೂಟರ್ ಕೂಡ ಆರಿತ್ತು. ಪರದೆಯಲ್ಲಿ ಎರಡೇ ಸಾಲು ಹಿಡಿಸಿದ್ದವು, ಅಂಕಗಳು ಮಾತ್ರ ನೇರವಾಗಿದ್ದವು.