ಪ್ರಿಪರೇಟರಿ ಪೇಪರ್ ಸೆಟ್ ಮಾಡೋ ಮುಂಚೆ ಹಳೇ ಪೇಪರ್ ಓದೋದು ಹೇಗೆ?

ಹತ್ತನೇ ಕ್ಲಾಸ್ ಗಣಿತ ಪುಸ್ತಕದಲ್ಲಿ ಒಂದು ರೈಲಿನ ಲೆಕ್ಕ ಇದೆ, ನಿಮಗೂ ಗೊತ್ತಿರುತ್ತೆ. 360 ಕಿ.ಮೀ. ದೂರ, ವೇಗ ಗಂಟೆಗೆ 5 ಕಿ.ಮೀ. ಜಾಸ್ತಿ ಆಗಿದ್ರೆ 1 ಗಂಟೆ ಮೊದಲೇ ತಲುಪ್ತಿತ್ತು, ಹಾಗಾದ್ರೆ ರೈಲಿನ ವೇಗ ಎಷ್ಟು? ಒಂದ್ಸಲ ನಾನು ಪ್ರಿಪರೇಟರಿಯಲ್ಲಿ 300 ಕಿ.ಮೀ., 2 ಗಂಟೆ ಅಂತ ಬದಲಾಯಿಸಿ ಕೊಟ್ಟೆ. ಉತ್ತರ 25 ಬರಬೇಕು. ಪೇಪರ್ ತಿದ್ದೋವಾಗ ನೋಡಿದ್ರೆ ಸುಮಾರು ಮಕ್ಕಳು ಸಮೀಕರಣ ಸರಿಯಾಗೇ ಬರೆದು ಕೊನೇಲಿ ಮಾತ್ರ 40 ಅಂತ ಹಾಕಿದ್ರು, 40 ಅನ್ನೋದು ಪುಸ್ತಕದ ಲೆಕ್ಕದ ಉತ್ತರ. ತಪ್ಪು ಅವರದ್ದಲ್ಲ, ವರ್ಷಗಟ್ಟಲೆ ಅದೇ ಲೆಕ್ಕ ಕೊಟ್ಟು ಉತ್ತರ ಬಾಯಿಪಾಠ ಆಗೋ ಹಾಗೆ ಮಾಡಿದ್ದು ನಾವು ಅಂತ ಅವತ್ತು ತುಂಬ ಬೇಜಾರಾಯ್ತು. ಆಮೇಲಿಂದ ಪೇಪರ್ ಸೆಟ್ ಮಾಡೋ ಮುಂಚೆ ಈ ಕೆಲಸ ಮಾಡ್ತೀನಿ.

ಮೊದಲು ಹಳೇ ಪೇಪರ್ ಒಟ್ಟು ಹಾಕಿ. 2024, 2025ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ನಡೆದಿದ್ರಿಂದ ಆ ಎರಡು ವರ್ಷದ್ದೇ ಆರು ಪೇಪರ್ ಸಿಗುತ್ತೆ. ಅದರ ಜೊತೆ ನಿಮ್ಮ ಶಾಲೆಯ ಪ್ರಿಪರೇಟರಿ ಪೇಪರ್‌ಗಳನ್ನೂ ಇಟ್ಕೊಳ್ಳಿ, ಯಾಕಂದ್ರೆ ನಾವೇ ಕೊಟ್ಟಿದ್ದನ್ನ ನಾವೇ ಮರೆತು ಮತ್ತೆ ಕೊಡೋದು ಜಾಸ್ತಿ.

ಎರಡನೇದು, ಒಂದು ನೋಟ್‌ಬುಕ್ಕಲ್ಲೋ ಎಕ್ಸೆಲ್ಲಲ್ಲೋ ಪಟ್ಟಿ ಮಾಡಿ. ಇಲ್ಲಿ ಬಹಳ ಜನ ಎಡವೋದು ಏನಂದ್ರೆ ಅಧ್ಯಾಯದ ಹೆಸರು ಬರೆದು ಸುಮ್ಮನಾಗ್ತಾರೆ, 'ಸಮಾಂತರ ಶ್ರೇಢಿ, 2 ಅಂಕ' ಅಂತ. ಅದರಿಂದ ಏನೂ ತಿಳಿಯಲ್ಲ, ಅಧ್ಯಾಯಕ್ಕೆ ಎಷ್ಟು ಅಂಕ ಅನ್ನೋದು ನೀಲನಕ್ಷೆಯಲ್ಲೇ ಇರುತ್ತಲ್ಲ. ಬರೀಬೇಕಾಗಿರೋದು ಮಗು ಏನು ಮಾಡಬೇಕು ಅನ್ನೋದು. 'ಮೊದಲ ಪದ, ವ್ಯತ್ಯಾಸ ನೋಡಿ ಸೂತ್ರಕ್ಕೆ ಹಾಕಬೇಕು' ಅಂತ ಬರೆದ್ರೆ ಅದೇ ಸಾಲು ಎಷ್ಟು ಸಲ ಬಂತು ಅಂತ ಕಣ್ಣಿಗೆ ಹೊಡೆಯುತ್ತೆ.

ಆಮೇಲೆ ಬಣ್ಣ ಹಾಕಿ. ಅಂಕಿ ಸಮೇತ ಅದೇ ಪ್ರಶ್ನೆ ಬಂದಿದ್ರೆ ಕೆಂಪು, ಅಂಕಿ ಬೇರೆ ಆದ್ರೆ ಮಾಡೋ ಕೆಲಸ ಅದೇ ಆಗಿದ್ರೆ ಹಳದಿ. ಪರಿಕಲ್ಪನೆ ಒಂದೇ, ಕೇಳಿರೋ ರೀತಿ ಬೇರೆ ಅಂದ್ರೆ ಹಸಿರು, ಅದು ತಪ್ಪಲ್ಲ. ಪ್ರಮೇಯಗಳಿಗೆ ಈ ಲೆಕ್ಕ ಹಾಕೋಕೆ ಹೋಗಬೇಡಿ, ಥೇಲ್ಸ್ ಪ್ರಮೇಯ ತಿರುಗಿ ತಿರುಗಿ ಬರೋದೇ, ಇರೋದೇ ಕೆಲವು.

ಕೆಂಪು ಸುಲಭ, ಬಿಟ್ಟುಬಿಡಬಹುದು. ಕಷ್ಟ ಇರೋದು ಹಳದಿಯಲ್ಲಿ. ಒಂದು ಉದಾಹರಣೆ ನೋಡೋಣ: 5, 8, 11... ಈ ಶ್ರೇಢಿಯ ಮೊದಲ 20 ಪದಗಳ ಮೊತ್ತ ಕಂಡುಹಿಡಿಯಿರಿ. ಉತ್ತರ 670. 5ರ ಬದಲು 7 ಹಾಕಿದ್ರೂ ಮಗು ಮಾಡೋ ಕೆಲಸ ಬದಲಾಗಲ್ಲ. ಅದರ ಬದಲು ಅದೇ ಶ್ರೇಢಿ ಇಟ್ಕೊಂಡು '11ನೇ ಪದದಿಂದ 20ನೇ ಪದದವರೆಗಿನ ಮೊತ್ತ' ಕೇಳಿ. ಈಗ ಮೊದಲ 20ರ ಮೊತ್ತದಿಂದ ಮೊದಲ 10ರ ಮೊತ್ತ ಕಳೀಬೇಕು ಅಂತ ಮಗುವಿಗೆ ತಾನೇ ಹೊಳೀಬೇಕು:

```
S20 - S10 = 670 - 185 = 485
```

ಸೂತ್ರ ಹಳೇದೇ, ಪಾಠ ಬಿಟ್ಟು ಹೊರಗೆ ಹೋಗಿಲ್ಲ. ಇನ್ನೊಂದು ಲಾಭನೂ ಇದೆ, ತಪ್ಪು ಉತ್ತರನೂ ಮಾತಾಡುತ್ತೆ. ಯಾರಾದ್ರೂ 450 ಬರೆದಿದ್ರೆ ಅವರು 10ರ ಬದಲು 11 ಪದಗಳ ಮೊತ್ತ, ಅಂದ್ರೆ 220 ಕಳೆದಿದ್ದಾರೆ, 11ನೇ ಪದ 35 ಕೈತಪ್ಪಿ ಹೋಗಿದೆ ಅಂತ ಗೊತ್ತಾಗುತ್ತೆ.

ಅಂಕಿ ಬದಲಾಯಿಸೋವಾಗ ಮಾತ್ರ ತುಂಬ ಹುಷಾರಾಗಿರಿ. ಆ ರೈಲಿನ ಲೆಕ್ಕದಲ್ಲೇ 360ನ್ನ 300 ಮಾಡಿ 1 ಗಂಟೆ ಹಾಗೇ ಬಿಟ್ಟಿದ್ರೆ ವರ್ಗಮೂಲದ ಒಳಗೆ 6025 ಬರ್ತಿತ್ತು, ಅದು ಪೂರ್ಣ ವರ್ಗ ಅಲ್ಲ, ಪಾಪ ಮಕ್ಕಳು ತಾವೇ ಏನೋ ತಪ್ಪು ಮಾಡಿದೀವಿ ಅಂತ ಹೊಡೆದು ಹಾಕಿ ಮತ್ತೆ ಮತ್ತೆ ಮಾಡಿ ಟೈಮ್ ಕಳ್ಕೊಳ್ತಿದ್ರು. ಅದಕ್ಕೇ ಪ್ರತಿಯೊಂದನ್ನೂ ಕೊನೆವರೆಗೂ ಬಿಡಿಸಿ ನೋಡಬೇಕು, ಆಮೇಲೆ ಸ್ಟಾಫ್ ರೂಮಲ್ಲಿ ಇನ್ನೊಬ್ಬ ಮೇಷ್ಟ್ರಿಗೋ ಮೇಡಂಗೋ ಉತ್ತರ ತೋರಿಸದೆ ಕೊಟ್ಟು ಬಿಡಿಸೋಕೆ ಹೇಳಬೇಕು. ಅವರು 'ಇದರರ್ಥ ಏನ್ರೀ?' ಅಂತ ಕೇಳಿದ್ರೆ ವಾಕ್ಯ ತಿದ್ದಬೇಕು ಅಂತಲೇ ಲೆಕ್ಕ.

80 ಅಂಕವನ್ನೂ ಹೊಸದು ಮಾಡಬೇಡಿ. ಪಾಸಿಂಗ್ ಪ್ಯಾಕೇಜ್ ನಂಬ್ಕೊಂಡು ಕಷ್ಟಪಟ್ಟು ಓದಿರೋ ಮಕ್ಕಳು ಇರ್ತಾರೆ, ಅವರ ಕೈಗೆ ಸಿಗೋದೂ ಇರಬೇಕು. ನಾನು 15 ಅಂಕದಷ್ಟು ಮಾತ್ರ ಹೊಸ ರೀತಿ ಕೇಳ್ತೀನಿ. ಕೀ ಆನ್ಸರ್ ಕೂಡ ಪ್ರಶ್ನೆ ಜೊತೇಲೇ ಬರೆದಿಡ್ತೀನಿ, ಮೇಲಿನ ಶ್ರೇಢಿ ಲೆಕ್ಕ 3 ಅಂಕದ್ದಾದ್ರೆ ಒಂದೊಂದು ಮೊತ್ತಕ್ಕೆ 1, ಕಳೆದಿದ್ದಕ್ಕೆ 1. ಆಗ 450 ಬರೆದ ಮಗುವಿಗೂ 2 ಅಂಕ ಸಿಗುತ್ತೆ, ಅದರ ಪಕ್ಕ '11ನೇ ಪದ ಎಲ್ಲಿ ಹೋಯ್ತು?' ಅಂತ ಕೆಂಪು ಪೆನ್ನಲ್ಲಿ ಬರೆದು ಕೊಡ್ತೀನಿ.