ಪುಟಗಳನ್ನು ಕಿತ್ತುಹಾಕಿದ ಮೇಲೆ ವಿಜಯನಗರದ ಟ್ಯೂಷನ್ ಸೆಂಟರ್ ಗೂಗಲ್‌ನಲ್ಲಿ ಮೇಲೆ ಬಂತು

ಪುಟ ಕಡಿಮೆ ಮಾಡಿದರೆ ಇರುವ ಟ್ರಾಫಿಕ್ಕೂ ಹೋಗುತ್ತೆ ಅಂತ ಗೂಗಲ್‌ನಲ್ಲಿ ಸೈಟ್ ಮೇಲೆ ತರುವ ಕೆಲಸ ಮಾಡುವ ಸ್ನೇಹಿತರೇ ಹೇಳಿದ್ದರು. ಹೋಗಲಿಲ್ಲ. ಒಂದು ಸೀಸನ್ ಪೂರ್ತಿ ನೋಡಿದ ಮೇಲೆಯೇ ಬರೆಯುತ್ತಿದ್ದೇನೆ.

ಸೆಂಟರ್ ಇರುವುದು ವಿಜಯನಗರದಲ್ಲಿ, ಎಸ್‌ಎಸ್‌ಎಲ್‌ಸಿ ಮತ್ತು ಪಿಯು ಕಾಮರ್ಸ್. ಮೊದಲಿದ್ದ ಏಜೆನ್ಸಿ ಸುಮಾರು 40 ಸಾವಿರ ತಗೊಂಡು, ಒಂದೇ ಬರಹದಲ್ಲಿ ಬಡಾವಣೆಯ ಹೆಸರು ಮಾತ್ರ ಬದಲಿಸಿ ಇಪ್ಪತ್ತರ ಆಸುಪಾಸು ಪುಟ ಹಾಕಿತ್ತು: ರಾಜಾಜಿನಗರ, ಚಂದ್ರಾ ಲೇಔಟ್, ನಾಗರಬಾವಿ. ಸೈಟ್ ಹುಡುಕಾಟದಲ್ಲಿ ಹೇಗಿದೆಯೆಂದು ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಅವುಗಳಲ್ಲಿ ಹೆಚ್ಚಿನವು `Crawled - currently not indexed` ಅಂತ ಬಿದ್ದಿದ್ದವು. ಗೂಗಲ್ ಬಂದು ಓದಿದೆ, ಇಟ್ಟುಕೊಂಡಿಲ್ಲ. ಹೆಸರು ಮಾತ್ರ ಬದಲಿಸಿದ ಇಂಥ ಪುಟಗಳನ್ನು ಅದು ಸ್ಪ್ಯಾಮ್ ಅಂತಲೇ ಎಣಿಸುತ್ತದೆ. ಎಲ್ಲವನ್ನೂ ತೆಗೆದು, ತರಗತಿ ಮತ್ತು ವಿಷಯಕ್ಕೆ ಒಂದೊಂದೇ ಪುಟ ಮಾಡಿ, ಹಳೆಯ ವಿಳಾಸಗಳಲ್ಲಿ ಹೊಂದುವಂಥವನ್ನು ಹೊಸ ಪುಟಗಳಿಗೆ 301 ಮಾಡಿದೆ, ಅಂದರೆ ಶಾಶ್ವತವಾಗಿ ತಿರುಗಿಸಿದೆ.

ಯಾವ ಪದವನ್ನು ಎಷ್ಟು ಸಲ ಹುಡುಕುತ್ತಾರೆಂದು ಅಂದಾಜು ಕೊಡುವ ಗೂಗಲ್‌ನ ಕೀವರ್ಡ್ ಪ್ಲ್ಯಾನರ್ ಇಷ್ಟು ಚಿಕ್ಕ ಏರಿಯಾಗೆ ಏನೂ ಹೇಳುವುದಿಲ್ಲ, ಸೊನ್ನೆ ಅಥವಾ ಹತ್ತು ತೋರಿಸುತ್ತದೆ. ಸರ್ಚ್ ಕನ್ಸೋಲ್‌ನ ಕ್ವೆರಿ ಪಟ್ಟಿಯಲ್ಲಿ ಮಾತ್ರ ನಿಜ ಕಾಣಿಸಿತು. ಜನ ಬರೀ "ಬೆಸ್ಟ್ ಟ್ಯೂಷನ್" ಅಂತ ಹುಡುಕುತ್ತಿರಲಿಲ್ಲ, `2nd puc accountancy tuition vijayanagar` ಅಂತ ಟೈಪ್ ಮಾಡುತ್ತಿದ್ದರು. ಆ ಪುಟದ ಟೈಟಲ್ ಹೀಗಾಯಿತು:

```
<title>2nd PUC Accountancy Tuition in Vijayanagar, Bengaluru</title>
```

`near me` ಅಂತ ಎಲ್ಲೂ ತುರುಕಲಿಲ್ಲ. ಹುಡುಕುವವರು ಎಲ್ಲಿದ್ದಾರೆಂದು ಗೂಗಲ್‌ಗೆ ಗೊತ್ತಿರುತ್ತದೆ.

ಪುಟದ ಒಳಗೆ ನಿಜವಾದ ಕೆಲಸ ಆದದ್ದು. ರಿಸೆಪ್ಷನ್‌ನಲ್ಲಿ ಫೋನ್ ಎತ್ತುವ ಮೇಡಂ ಹತ್ತಿರ ಕೂತು, ಪೋಷಕರು ಕೇಳುವುದನ್ನೆಲ್ಲ ಬರೆದುಕೊಂಡೆ. ಕಾಲೇಜು ಬಿಟ್ಟ ಮೇಲೆ ಯಾವ ಬ್ಯಾಚ್, ಒಂದು ಬ್ಯಾಚಿಗೆ ಎಷ್ಟು ಮಕ್ಕಳು, ಫೀಸ್ ಕಂತಿನಲ್ಲಿ ಕಟ್ಟಬಹುದಾ, ಮೆಟ್ರೋ ಇಳಿದು ನಡೆಯುವಷ್ಟು ದೂರವಾ. ಜೊತೆಗೆ ಪಾಲುದಾರಿಕೆ ಲೆಕ್ಕಗಳು ಯಾವ ತಿಂಗಳು, ಷೇರು ವಿತರಣೆ ಯಾವಾಗ ಅನ್ನುವುದನ್ನೂ ಮೇಷ್ಟ್ರಿಂದ ಕೇಳಿ ಹಾಕಿದೆ. ಫೀಸ್ ಬರೆಯಬೇಡಿ ಅಂತ ಮಾಲೀಕರು ಹಟ ಹಿಡಿದರು, ನಾನು ಬಿಡಲಿಲ್ಲ. ಬರೆದ ಮೇಲೆ ದರ ಕೇಳಿ ಇಟ್ಟುಬಿಡುವ ಕರೆಗಳು ನಿಂತವು. ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಗೂಗಲ್‌ನಲ್ಲಿ ಮೂವತ್ತರಾಚೆ ಇದ್ದ ಸ್ಥಾನ ಮೂರು ತಿಂಗಳಲ್ಲಿ ನಾಲ್ಕೈದಕ್ಕೆ ಬಂತು. ನಡುವೆ ಒಮ್ಮೆ ಇಂಪ್ರೆಶನ್, ಅಂದರೆ ಹುಡುಕಾಟದಲ್ಲಿ ಕಾಣಿಸಿಕೊಂಡ ಲೆಕ್ಕ, ಏರಿದರೂ ಕ್ಲಿಕ್ ಏರಲಿಲ್ಲ. ಸ್ಥಾನ ಚೆನ್ನಾಗಿಯೇ ಇದ್ದುದರಿಂದ ತೊಂದರೆ ಹುಡುಕಾಟದಲ್ಲಿ ಟೈಟಲ್ ಕೆಳಗೆ ಬರುವ ವಿವರಣೆಯ ಸಾಲಿನಲ್ಲಿದೆ ಅನ್ನಿಸಿ, ಅಲ್ಲಿ ಬ್ಯಾಚ್ ಸಮಯ ಹಾಕಿದ ಮೇಲೆ ಸರಿಹೋಯಿತು. ಪೇಪರ್ ಜೊತೆ ಹಂಚುವ ಪಾಂಪ್ಲೆಟ್‌ಗೆ ಹೋಗುತ್ತಿದ್ದ ಹನ್ನೆರಡು ಸಾವಿರದಷ್ಟು ಈ ಮೇ-ಜೂನ್‌ನಲ್ಲಿ ಉಳಿಯಿತು, ಅಕೌಂಟೆನ್ಸಿಯ ಎರಡು ಬ್ಯಾಚೂ ತುಂಬಿದವು.

ಕನ್ನಡ ಲಿಪಿಯಲ್ಲೂ ಹತ್ತನೇ ತರಗತಿ ಗಣಿತಕ್ಕೆ ಒಂದು ಪುಟ ಮಾಡಿ ನೋಡಿದೆ. ಹುಡುಕುವವರು ಕಡಿಮೆ, ಆದರೆ ಪೈಪೋಟಿಯೇ ಇಲ್ಲ, ಬೇಗ ಮೇಲೆ ಬಂತು. ಹುಡುಕಾಟದಲ್ಲಿ ಮ್ಯಾಪ್ ಜೊತೆ ಬರುವ ಮೂರು ಹೆಸರುಗಳ ಕಥೆ ಬೇರೆ. ಅಲ್ಲಿ ದೂರವೂ ಲೆಕ್ಕಕ್ಕೆ ಬರುತ್ತದೆ, ನಾಗರಬಾವಿಯಲ್ಲಿ ನಿಂತು ಹುಡುಕುವವರಿಗೆ ನಮ್ಮ ಸೆಂಟರ್ ಇನ್ನೂ ಕಾಣಿಸುವುದಿಲ್ಲ.