ಓಟ ನಿಂತಿತು, ತೂಕ ಇಳಿಯುತ್ತಲೇ ಹೋಯಿತು: ಮಂಡಿನೋವಿನ 13 ವಾರಗಳು

ವಾರಕ್ಕೆ ನಾಲ್ಕು ದಿನ, ದಿನಕ್ಕೆ 5 ಕಿಲೋಮೀಟರ್ ಓಡುತ್ತ ವಾರಕ್ಕೆ ಸುಮಾರು ಅರ್ಧ ಕಿಲೋದಂತೆ ತೂಕ ಇಳಿಸಿಕೊಳ್ಳುತ್ತಿದ್ದೆ. ಆಗಲೇ ನನ್ನ ಬಲಮಂಡಿಯ ಚಿಪ್ಪಿನ ಸುತ್ತ ನೋವು ಕಾಣಿಸಿಕೊಂಡಿತು. ಸಮತಟ್ಟಾದ ನೆಲದಲ್ಲಿ ನಡೆಯುವಾಗ ಅದರ ಸುಳಿವೇ ಇರುತ್ತಿರಲಿಲ್ಲ, ಆದರೆ ಮೆಟ್ಟಿಲು ಇಳಿಯುವಾಗಲೂ ಬಹಳ ಹೊತ್ತು ಕುಳಿತು ಏಳುವಾಗಲೂ ಚಿಪ್ಪಿನ ಹಿಂದೆ ಏನೋ ಒತ್ತಿದಂತಾಗುತ್ತಿತ್ತು. ಪರೀಕ್ಷಿಸಿದ ಫಿಸಿಯೋಥೆರಪಿಸ್ಟ್, ಮಂಡಿಯಲ್ಲಿ ಊತವಿಲ್ಲ, ಅದು ಸಿಕ್ಕಿಹಾಕಿಕೊಳ್ಳುತ್ತಿಲ್ಲ, ಕಾಲು ಇದ್ದಕ್ಕಿದ್ದಂತೆ ಕುಸಿಯುತ್ತಲೂ ಇಲ್ಲ ಎಂಬುದನ್ನು ಖಚಿತಪಡಿಸಿಕೊಂಡ ಮೇಲೆ, ಓಟವನ್ನು ಸದ್ಯಕ್ಕೆ ನಿಲ್ಲಿಸಿ, ಆದರೆ ಚಲನೆಯನ್ನು ನಿಲ್ಲಿಸಬೇಡಿ ಎಂದರು. ಈ ಮೂರು ಲಕ್ಷಣಗಳಲ್ಲಿ ಯಾವುದೇ ಒಂದು ಇದ್ದರೂ, ಅಥವಾ ನೋವು ರಾತ್ರಿ ನಿದ್ದೆಯಿಂದ ಎಬ್ಬಿಸುವಂತಿದ್ದರೂ, ಮೊದಲು ವೈದ್ಯರಲ್ಲಿಗೆ ಹೋಗಬೇಕು. ನಾನು ಮುಂದೆ ಬರೆಯುವುದು ಅಂಥವರಿಗೆ ಅನ್ವಯಿಸುವುದಿಲ್ಲ.

ಓಟ ನಿಂತರೆ ಬೊಜ್ಜು ಮರಳಿ ಬರುತ್ತದೆ ಎಂಬುದೇ ನನ್ನ ದೊಡ್ಡ ಭಯವಾಗಿತ್ತು. ಆ ಭಯ ಎಷ್ಟು ನಿಜ ಎಂದು ತಿಳಿಯಲು ಲೆಕ್ಕ ಹಾಕಿದೆ. ಓಡುವಾಗ ದೇಹದ ತೂಕದ ಪ್ರತಿ ಕಿಲೋಗೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲೊರಿ ಖರ್ಚಾಗುತ್ತದೆ. ನನ್ನ ತೂಕ ಆಗ 86 ಕಿಲೋ ಇದ್ದುದರಿಂದ 5 ಕಿಲೋಮೀಟರಿಗೆ 430, ವಾರಕ್ಕೆ 1,720 ಕ್ಯಾಲೊರಿ. ಒಂದು ಕಿಲೋ ಕೊಬ್ಬು ಕರಗಲು ಸರಿಸುಮಾರು 7,700 ಕ್ಯಾಲೊರಿಯ ಕೊರತೆ ಬೇಕಾಗುವುದರಿಂದ, ವಾರಕ್ಕೆ ಅರ್ಧ ಕಿಲೋ ಇಳಿಯಬೇಕಾದರೆ 3,850ರ ಕೊರತೆಯಾಗಬೇಕು. ಅಂದರೆ ನನ್ನ ತೂಕ ಇಳಿಯುತ್ತಿದ್ದುದರಲ್ಲಿ ಓಟದ ಪಾಲು ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದೆಲ್ಲ ಊಟದಲ್ಲಿ ಮಾಡಿಕೊಂಡ ಕಡಿತದಿಂದಲೇ ಆಗುತ್ತಿತ್ತು. ಊಟದ ಶಿಸ್ತು ಹಾಗೆಯೇ ಉಳಿದರೆ, ನಾನು ತುಂಬಿಕೊಳ್ಳಬೇಕಾದದ್ದು ಈ 1,720 ಕ್ಯಾಲೊರಿಯನ್ನು ಮಾತ್ರ ಎಂಬುದು ಆಗ ಸ್ಪಷ್ಟವಾಯಿತು.

ಅದಕ್ಕಾಗಿ ವ್ಯಾಯಾಮದ ಸೈಕಲನ್ನು ಆರಿಸಿಕೊಂಡೆ. ಪಾದ ಪೆಡಲಿನಿಂದ ಮೇಲೇಳುವುದೇ ಇಲ್ಲವಾದ್ದರಿಂದ, ಓಟದಲ್ಲಿ ಪ್ರತಿ ಹೆಜ್ಜೆಗೂ ನೆಲದಿಂದ ಬರುವ ಏಟು ಇಲ್ಲಿರುವುದಿಲ್ಲ. ದೇಹದ ಭಾರದ ದೊಡ್ಡ ಪಾಲನ್ನು ಸೀಟೇ ಹೊರುತ್ತದೆ. ಆದರೂ ಮೊದಲ ವಾರ ನನ್ನ ನೋವು ಹೆಚ್ಚಾಯಿತು. ಎರಡು ತಪ್ಪುಗಳು ಒಟ್ಟಿಗೇ ನಡೆದಿದ್ದವು. ಪಾದಗಳು ನೆಲಕ್ಕೆ ಆರಾಮವಾಗಿ ಎಟುಕಲಿ ಎಂದು ಸೀಟನ್ನು ತಗ್ಗಿಸಿದ್ದೆ, ಬೆವರು ಬೇಗ ಬರಲಿ ಎಂದು ಬಿಗಿಯನ್ನು ಏರಿಸಿ ನಿಧಾನವಾಗಿ ಒತ್ತಿ ಒತ್ತಿ ತುಳಿಯುತ್ತಿದ್ದೆ. ಸೀಟು ತಗ್ಗಿದಷ್ಟೂ ಪೆಡಲ್ ಮೇಲೆ ಬಂದಾಗ ಮಂಡಿ ಹೆಚ್ಚು ಮಡಚಿಕೊಳ್ಳುತ್ತದೆ, ಮಡಚಿದ ಮಂಡಿಯಿಂದ ಜೋರಾಗಿ ಒತ್ತಿದಾಗ ಚಿಪ್ಪು ತೊಡೆಮೂಳೆಗೆ ಬಲವಾಗಿ ಅದುಮಿಕೊಳ್ಳುತ್ತದೆ. ಮೆಟ್ಟಿಲು ಇಳಿಯುವಾಗ ನೋಯುತ್ತಿದ್ದುದಕ್ಕೂ ಇದೇ ಕಾರಣವಾದ್ದರಿಂದ, ಏಟಿಲ್ಲದ ವ್ಯಾಯಾಮವನ್ನು ಮಾಡುತ್ತಲೇ ನಾನು ಅದೇ ಗಾಯವನ್ನು ಕೆದಕುತ್ತಿದ್ದೆ.

ಸೀಟನ್ನು ಸರಿಪಡಿಸಿಕೊಂಡ ವಿಧಾನ ಸರಳವಾಗಿದೆ. ಸೀಟಿನ ಮೇಲೆ ನೇರವಾಗಿ ಕುಳಿತು, ಒಂದು ಪೆಡಲನ್ನು ಪೂರ್ತಿ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿಯನ್ನು ಇಟ್ಟೆ. ಸೊಂಟ ಆ ಕಡೆಗೆ ವಾಲದೆ ಕಾಲು ಪೂರ್ತಿ ನೇರವಾಗುವ ತನಕ ಸೀಟನ್ನು ಒಂದೊಂದೇ ತೂತು ಏರಿಸಿದೆ. ಬಳಿಕ ಪಾದದ ಮುಂಭಾಗವನ್ನು ಪೆಡಲಿನ ಮೇಲಿಟ್ಟು ತುಳಿದಾಗ, ಕಾಲು ಕೆಳಗಿರುವಾಗಲೂ ಮಂಡಿಯಲ್ಲಿ ಸಣ್ಣ ಬಾಗು ಉಳಿಯುತ್ತದೆ. ಸುಮಾರು 25ರಿಂದ 35 ಡಿಗ್ರಿಯಷ್ಟು ಬಾಗು ಸೂಕ್ತ. ನನ್ನ ಸೀಟು ಮೂರು ತೂತು ಮೇಲೇರಿತು. ಬಿಗಿಯನ್ನು ಇಳಿಸಿ, ನಿಮಿಷಕ್ಕೆ 80 ಸುತ್ತಿನ ಹತ್ತಿರ ತುಳಿಯತೊಡಗಿದೆ. ಸೀಟು ತೀರಾ ಎತ್ತರವಾದರೆ ಸೊಂಟ ಎಡಬಲಕ್ಕೆ ತೂಗಾಡುತ್ತದೆ, ಮಂಡಿಯ ಹಿಂಭಾಗ ಎಳೆದಂತಾಗುತ್ತದೆ. ಆಗ ಒಂದು ತೂತು ಇಳಿಸಬೇಕು.

ಎಷ್ಟು ಮಾಡಿದರೆ ಹೆಚ್ಚಾಯಿತು ಎಂದು ತಿಳಿಯಲು ಮರುದಿನ ಬೆಳಿಗ್ಗೆಯ ಮೆಟ್ಟಿಲನ್ನೇ ಅಳತೆಗೋಲು ಮಾಡಿಕೊಂಡೆ. ಎದ್ದು ಸ್ವಲ್ಪ ಹೊತ್ತಿನ ಮೇಲೆ ಅದೇ ಹತ್ತು ಮೆಟ್ಟಿಲುಗಳನ್ನು ಕಂಬಿ ಹಿಡಿಯದೆ ಇಳಿದು, ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಟ್ಟು ಪುಸ್ತಕದಲ್ಲಿ ಬರೆಯುತ್ತಿದ್ದೆ. ವ್ಯಾಯಾಮದ ನಡುವೆ ಮೂರರವರೆಗಿನ ನೋವು ಬಂದರೂ ಮರುದಿನ ಅಂಕ ಹಿಂದಿನ ದಿನಕ್ಕಿಂತ ಹೆಚ್ಚಿರದಿದ್ದರೆ ಅಷ್ಟನ್ನೇ ಮುಂದುವರಿಸುವುದು, ಹೆಚ್ಚಿದ್ದರೆ ಮುಂದಿನ ಸರದಿಯಲ್ಲಿ ಹೊತ್ತನ್ನೋ ಬಿಗಿಯನ್ನೋ, ಎರಡರಲ್ಲಿ ಒಂದನ್ನು ಮಾತ್ರ, ತಗ್ಗಿಸುವುದು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕಾರಣ ಯಾವುದೆಂದು ತಿಳಿಯುವುದಿಲ್ಲ. ತುಳಿಯುವಾಗ ಏನೂ ಅನ್ನಿಸದೆ ಮರುದಿನ ಅಂಕ ಎರಡರಿಂದ ಐದಕ್ಕೆ ಏರಿದ್ದೂ ಉಂಟು. ಆದ್ದರಿಂದ ವ್ಯಾಯಾಮದ ಹೊತ್ತಿನ ಹಿತವೊಂದನ್ನೇ ನಾನು ನಂಬುವುದಿಲ್ಲ.

ಮೊದಲು 15 ನಿಮಿಷ, ನಾಲ್ಕನೆಯ ವಾರದ ಹೊತ್ತಿಗೆ 40 ನಿಮಿಷ, ವಾರಕ್ಕೆ ಐದು ದಿನ. ಇಲ್ಲಿ ಇನ್ನೊಂದು ಲೆಕ್ಕವನ್ನು ವಿವರವಾಗಿ ಹೇಳಬೇಕು. ಸೈಕಲಿನ ಪರದೆ 40 ನಿಮಿಷಕ್ಕೆ 380 ಕ್ಯಾಲೊರಿ ಎಂದು ತೋರಿಸುತ್ತಿತ್ತು. ಅದೇ ಪರದೆಯಲ್ಲಿ ನನ್ನ ಸರಾಸರಿ ಶಕ್ತಿ 95 ವ್ಯಾಟ್ ಎಂದೂ ಇತ್ತು. 95 ವ್ಯಾಟನ್ನು 2,400 ಸೆಕೆಂಡುಗಳಿಂದ ಗುಣಿಸಿದರೆ 228 ಕಿಲೋಜೌಲ್ ಕೆಲಸವಾಗುತ್ತದೆ. ಸೈಕಲ್ ತುಳಿಯುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಕಾಲುಭಾಗಕ್ಕಿಂತ ತುಸು ಕಡಿಮೆ ಮಾತ್ರ ಪೆಡಲಿಗೆ ತಲಪುವುದರಿಂದಲೂ, ಒಂದು ಕ್ಯಾಲೊರಿ ಸುಮಾರು 4.2 ಕಿಲೋಜೌಲಿಗೆ ಸಮನಾದ್ದರಿಂದಲೂ, ಈ ಎರಡು ಒಂದನ್ನೊಂದು ಹೆಚ್ಚುಕಡಿಮೆ ಸರಿದೂಗಿಸುತ್ತವೆ. ಹೀಗಾಗಿ ಕಿಲೋಜೌಲಿನ ಅಂಕಿಯನ್ನೇ ಕ್ಯಾಲೊರಿಯೆಂದು ಓದಿಕೊಳ್ಳಬಹುದು. ನನ್ನ ನಿಜವಾದ ಖರ್ಚು 230ರ ಆಸುಪಾಸು. ಪರದೆಯನ್ನು ನಂಬಿ ಅಷ್ಟನ್ನು ಹೆಚ್ಚಾಗಿ ತಿಂದಿದ್ದರೆ ದಿನಕ್ಕೆ 150 ಕ್ಯಾಲೊರಿಯ ತಪ್ಪು ಸದ್ದಿಲ್ಲದೆ ಸೇರುತ್ತಿತ್ತು. ಐದು ದಿನಕ್ಕೆ 1,150 ಕ್ಯಾಲೊರಿಯಾದರೆ, ಓಟದ ಲೆಕ್ಕಕ್ಕೆ ಇನ್ನೂ 570 ಕಡಿಮೆ. ಅದು ದಿನಕ್ಕೆ 80ರಷ್ಟು ಮಾತ್ರ. ಸಮತಟ್ಟು ನೆಲದಲ್ಲಿ ದಿನವೂ ಇಪ್ಪತ್ತು ನಿಮಿಷ ಹೆಚ್ಚು ನಡೆದು ಅದನ್ನು ತುಂಬಿಕೊಂಡೆ. ಇಳಿಜಾರಿನ ದಾರಿಯನ್ನು ಬೇಕೆಂದೇ ಬಿಟ್ಟಿದ್ದೆ.

ಮೊದಲ ಎರಡು ವಾರ ತೂಕ ಇಳಿಯಲಿಲ್ಲ. 86 ಇದ್ದುದು 86.4 ಆಯಿತು. ಅಭ್ಯಾಸವಿಲ್ಲದ ವ್ಯಾಯಾಮಕ್ಕೆ ಸ್ನಾಯುಗಳು ನೀರು ಹಿಡಿದಿಟ್ಟುಕೊಳ್ಳುವುದು ಸಹಜ ಎಂದು ತಿಳಿದಿದ್ದರೂ ಮನಸ್ಸಿಗೆ ಕಸಿವಿಸಿಯಾಯಿತು. ಆ ಎರಡು ವಾರಗಳಲ್ಲಿ ಹೊಕ್ಕುಳ ಮಟ್ಟದ ಸುತ್ತಳತೆ ಒಂದು ಸೆಂಟಿಮೀಟರ್ ಇಳಿದದ್ದರಿಂದ ಊಟವನ್ನು ಇನ್ನಷ್ಟು ಕತ್ತರಿಸದೆ ತಡೆದುಕೊಂಡೆ. ಮೂರನೆಯ ವಾರದಿಂದ ಇಳಿಕೆ ಮತ್ತೆ ಶುರುವಾಯಿತು, 13ನೆಯ ವಾರದ ಸರಾಸರಿ 81.3 ಕಿಲೋಗೆ ಬಂದಿತು.

ಇದೇ ಸೈಕಲನ್ನು ಕೆಳಬೆನ್ನು ನೋವಿದ್ದ ನನ್ನ ಅಕ್ಕನೂ ಪ್ರಯತ್ನಿಸಿದಳು, ಆದರೆ ಅವಳಿಗೆ ಆಗಿಬರಲಿಲ್ಲ. ಅವಳ ನೋವು ಕುಳಿತು ಮುಂದಕ್ಕೆ ಬಾಗಿದಾಗ ಹೆಚ್ಚುವಂಥದ್ದು, ಸೈಕಲಿನಲ್ಲಿ ನಲವತ್ತು ನಿಮಿಷ ಇರಬೇಕಾದ ಭಂಗಿಯೂ ಅದೇ. ಅವಳು ಹತ್ತು ಹತ್ತು ನಿಮಿಷದ ನಡಿಗೆಯನ್ನು ದಿನಕ್ಕೆ ನಾಲ್ಕು ಬಾರಿ ಮಾಡತೊಡಗಿದ ಮೇಲೆಯೇ ನೋವು ಕೆರಳದೆ ಮುಂದುವರಿಯಲು ಸಾಧ್ಯವಾಯಿತು. ನಿಂತು ನಡೆದಾಗ ನೋವು ಹೆಚ್ಚಾಗಿ, ಕುಳಿತರೆ ಇಳಿಯುವವರಿಗೆ ಸೈಕಲೇ ಹಿತವಾಗಬಹುದು.

ಈಗ ಬೆಳಗಿನ ಮೆಟ್ಟಿಲಿನ ಅಂಕ ಸೊನ್ನೆ ಅಥವಾ ಒಂದರಲ್ಲಿದೆ. ಕಳೆದ ವಾರದಿಂದ ಎರಡು ದಿನ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಂತೆ ಆರು ಸುತ್ತು ಮಾಡುತ್ತಿದ್ದೇನೆ. ಏಳನೆಯ ಸುತ್ತನ್ನು ಸೇರಿಸಬೇಕೇ ಬೇಡವೇ ಎಂಬುದನ್ನು ಮರುದಿನದ ಅದೇ ಹತ್ತು ಮೆಟ್ಟಿಲುಗಳನ್ನು ಇಳಿದ ಮೇಲೆ ನಿರ್ಧರಿಸುತ್ತೇನೆ.